ನೋಡುಗರು ಜಿಗಿದದ್ದು ಎಲ್ಲಿಂದ?

ಹತ್ತು ನಿಮಿಷದ ಬಿಸಿಬೇಳೆಬಾತ್ ವಿಡಿಯೊ ಒಂದಿದೆ ಎಂದುಕೊಳ್ಳೋಣ. ಅದನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಓಟದಲ್ಲಿ ನೋಡುವವರು ಕಡಿಮೆ. ಒಬ್ಬರಿಗೆ ಪುಡಿ ಹುರಿಯುವ ಕ್ರಮ ಸಾಕು. ಇನ್ನೊಬ್ಬರು ಒಲೆಯ ಮುಂದೆ ನಿಂತು, ಕೈಯಲ್ಲಿ ಸೌಟು ಹಿಡಿದೇ ಹುಣಸೆಹಣ್ಣಿನ ಅಳತೆ ಹುಡುಕುತ್ತಿರುತ್ತಾರೆ. ಇಂಥವರಿಗೆಂದೇ ಯೂಟ್ಯೂಬ್ 2020ರಲ್ಲಿ ವಿಡಿಯೊವನ್ನು ಅಧ್ಯಾಯಗಳಾಗಿ ಒಡೆದು ತೋರಿಸುವ ಸೌಲಭ್ಯ ತಂದಿತು. ವಿಡಿಯೊದ ವಿವರಣೆಯಲ್ಲಿ ಸಮಯ ಮತ್ತು ಹೆಸರು ಬರೆದರೆ ಆಯಿತು. ಮೊದಲ ಗುರುತು 00:00 ಆಗಿರಬೇಕು, ಕನಿಷ್ಠ ಮೂರು ಗುರುತುಗಳಿರಬೇಕು, ಪ್ರತಿ ಅಧ್ಯಾಯ ಹತ್ತು ಸೆಕೆಂಡಿಗಿಂತ ಕಡಿಮೆಯಾಗಬಾರದು.

```
00:00 ಪರಿಚಯ
01:12 ಬೇಕಾಗುವ ಸಾಮಗ್ರಿ
02:24 ಪುಡಿ ಹುರಿಯುವುದು
04:30 ಅಕ್ಕಿ, ಬೇಳೆ ಬೇಯಿಸುವುದು
06:30 ಹುಳಿ, ಪುಡಿ ಸೇರಿಸುವುದು
08:30 ಒಗ್ಗರಣೆ
```

ವಿಡಿಯೊ ಮಾಡಿದವರು ಸ್ಟುಡಿಯೊದ ಅಂಕಿಅಂಶ ಪುಟದಲ್ಲಿ ‘ಆಡಿಯನ್ಸ್ ರಿಟೆನ್ಷನ್’ ಗ್ರಾಫ್ ತೆರೆದರೆ, ಯಾವ ಕ್ಷಣದಲ್ಲಿ ಎಷ್ಟು ಪಾಲು ನೋಡುಗರಿದ್ದರು ಎಂಬುದು ಕಾಣುತ್ತದೆ. ಇದೇ ಅಂಕಿಯನ್ನು ಯೂಟ್ಯೂಬಿನ ಎಪಿಐ ಮೂಲಕ ಪಡೆದರೆ ವಿಡಿಯೊ ನೂರು ತುಂಡುಗಳಾಗಿ ಬರುತ್ತದೆ. ನಮ್ಮ ಹತ್ತು ನಿಮಿಷದ ವಿಡಿಯೊದಲ್ಲಿ ಒಂದು ತುಂಡು ಎಂದರೆ ಆರು ಸೆಕೆಂಡು. ಒಬ್ಬರೇ ಒಂದು ತುಂಡನ್ನು ಮೂರು ಸಲ ನೋಡಿದರೆ ಅದು ಮೂರು ಎಣಿಕೆಯಾಗುತ್ತದೆ, ಹಾಗಾಗಿ ಗೆರೆ ಮಧ್ಯದಲ್ಲಿ ಮೇಲೇರಬಲ್ಲದು. ಎಲ್ಲರೂ ಮೊದಲಿನಿಂದ ಸುಮ್ಮನೆ ನೋಡುತ್ತಾ ಹೋದರೆ ಅದು ಇಳಿಯಬೇಕಷ್ಟೆ. ಏರಿದರೆ ಯಾರೋ ಬೇರೆಡೆಯಿಂದ ಅಲ್ಲಿಗೆ ಬಂದಿದ್ದಾರೆ ಎಂದರ್ಥ.

ಈ ಏರಿಕೆ ಬಂದವರ ಲೆಕ್ಕದಿಂದ ಹೋದವರ ಲೆಕ್ಕ ಕಳೆದು ಉಳಿದ ಮೊತ್ತ. 2:18ರಲ್ಲಿ ನೂರಕ್ಕೆ 48 ಇದ್ದ ಗೆರೆ 2:24ಕ್ಕೆ 74 ಆಯಿತೆಂದರೆ, ಕನಿಷ್ಠ 26 ಎಣಿಕೆ ಅಲ್ಲಿಗೆ ಹಾರಿ ಬಂದಿದೆ. ಅದೇ ಹೊತ್ತಿಗೆ ಕೆಲವರು ಎದ್ದು ಹೋಗಿದ್ದರೆ ಬಂದವರು ಇನ್ನೂ ಹೆಚ್ಚು. ಏರಿಕೆ ಅಧ್ಯಾಯದ ಗುರುತಿನ ಮೇಲೆಯೇ ಕಡಿದಂತೆ ನಿಂತಿದ್ದರೆ ಜನ ಅಧ್ಯಾಯದ ಹೆಸರನ್ನೋ ವಿವರಣೆಯಲ್ಲಿರುವ ಸಮಯದ ಕೊಂಡಿಯನ್ನೋ ಒತ್ತಿದ್ದಾರೆ. ಗುರುತಿನ ಆಚೀಚೆ ಓರೆಯಾಗಿ ಹರಡಿದ್ದರೆ ವಿಡಿಯೊದ ಕೆಳಗಿನ ಪಟ್ಟಿಯನ್ನು ಬೆರಳಿನಿಂದ ಎಳೆದು ತಡಕಾಡಿದ್ದಾರೆ. ಎರಡನೆಯದು ಹೆಚ್ಚಾಗಿ ಕಂಡರೆ ಗುರುತು ತಪ್ಪಾದ ಜಾಗದಲ್ಲಿರಬಹುದು, ಇಲ್ಲವೇ ಹೆಸರು ಏನನ್ನೂ ಹೇಳುತ್ತಿಲ್ಲದಿರಬಹುದು. ‘ಮುಖ್ಯ ಸಲಹೆ’ ಎಂಬಂಥ ಹೆಸರಿಗೆ ಬೇರೆಯೇ ತೊಂದರೆ ಇದೆ. ಅದು ಕುತೂಹಲಕ್ಕೆ ಜನರನ್ನು ಎಳೆಯುತ್ತದೆ, ಬಂದವರು ಮುಂದಿನ ತುಂಡಿನಲ್ಲೇ ಜಾಗ ಖಾಲಿ ಮಾಡುತ್ತಾರೆ. ಏರಿದ ಗೆರೆ ಕೂಡಲೇ ಕುಸಿದರೆ ಆ ಅಧ್ಯಾಯ ಹೆಸರಿನಲ್ಲಿ ಕೊಟ್ಟ ಮಾತನ್ನು ಉಳಿಸಿಕೊಂಡಿಲ್ಲ.

ಇಲ್ಲಿಯವರೆಗೆ ಸುಲಭ. ಎಡವುವುದು ಮುಂದಿನ ಹೆಜ್ಜೆಯಲ್ಲಿ. ಏರಿಕೆ ಕಂಡೊಡನೆ ‘ಜನಕ್ಕೆ ಇದು ಇಷ್ಟ, ಇದನ್ನೇ ಹೆಚ್ಚು ಕೊಡೋಣ’ ಎಂದು ನಿರ್ಧರಿಸಿಬಿಡುತ್ತಾರೆ. ಜಿಗಿತ ಮೆಚ್ಚುಗೆಯೇ ಆಗಿರಬೇಕಿಲ್ಲ. ಬೇಕಾದದ್ದು ಬೇಕಾದ ಹೊತ್ತಿಗೆ ಸಿಗದಿದ್ದರೂ ಜನ ಜಿಗಿಯುತ್ತಾರೆ.

ಇದನ್ನು ಚೆನ್ನಾಗಿ ತೋರಿಸಿಕೊಟ್ಟದ್ದು ಜುಹೊ ಕಿಮ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನ. ಎಡ್‌ಎಕ್ಸ್‌ನ ನಾಲ್ಕು ಕೋರ್ಸುಗಳ 862 ಪಾಠದ ವಿಡಿಯೊಗಳಲ್ಲಿ ವಿದ್ಯಾರ್ಥಿಗಳು ಒತ್ತಿದ್ದೆಲ್ಲವನ್ನೂ ಅವರು ಪರಿಶೀಲಿಸಿದರು. ಗುಂಪುಗೂಡಿದ ಜಿಗಿತಗಳ ಪೈಕಿ ಶೇ 61ರಷ್ಟು ಪರದೆಯ ಮೇಲಿನ ದೃಶ್ಯ ಬದಲಾಗುವ ಜಾಗದ ಆಸುಪಾಸಿನಲ್ಲಿದ್ದವು. ಕಾರಣಗಳು ಮಾತ್ರ ಬೇರೆ ಬೇರೆ. ಹೊಸ ವಿಷಯದ ಆರಂಭ ಹಿಡಿಯಲು ಬಂದವರಿದ್ದರು, ತಪ್ಪಿಹೋದದ್ದನ್ನು ಹುಡುಕಿ ಹಿಂದಕ್ಕೆ ಬಂದವರಿದ್ದರು, ಮಾಡುತ್ತಾ ಕಲಿಯುವ ಪಾಠದಲ್ಲಿ ಒಂದು ಹೆಜ್ಜೆಯನ್ನು ಮತ್ತೆ ನೋಡುವವರಿದ್ದರು. ಸ್ಲೈಡು ಸರ್ರನೆ ಸರಿದುಹೋದದ್ದರಿಂದ ಹಿಂದಕ್ಕೆ ಬಂದ ವಿದ್ಯಾರ್ಥಿಗೆ ಆ ಸ್ಲೈಡಿನ ಮೇಲೆ ಪ್ರೀತಿಯೇನೂ ಇರುವುದಿಲ್ಲ. ಅದು ಇನ್ನೂ ಸ್ವಲ್ಪ ಹೊತ್ತು ಪರದೆಯ ಮೇಲೆ ಇದ್ದಿದ್ದರೆ ಸಾಕಿತ್ತು.

ಹೀಗಾಗಿ ಎಲ್ಲಿಗೆ ಜಿಗಿದರು ಎಂಬುದರಷ್ಟೇ ಎಲ್ಲಿಂದ ಜಿಗಿದರು ಎಂಬುದೂ ಬೇಕು. ಯೂಟ್ಯೂಬಿನ ಗ್ರಾಫ್ ಅದನ್ನು ಹೇಳುವುದಿಲ್ಲ, ಊಹೆಗೆ ಸುಳಿವು ಕೊಡುತ್ತದೆ ಅಷ್ಟೆ. ವಿಡಿಯೊ ತಮ್ಮದೇ ಜಾಲತಾಣದ ಪ್ಲೇಯರಿನಲ್ಲಿದ್ದರೆ ಎರಡನ್ನೂ ದಾಖಲಿಸಬಹುದು. ಅಲ್ಲಿ ಒಂದು ಎಚ್ಚರ ಬೇಕು: ಬ್ರೌಸರಿನ `seeking` ಸೂಚನೆ ಬರುವ ಹೊತ್ತಿಗೆ `currentTime` ಆಗಲೇ ಹೊಸ ಜಾಗವನ್ನು ತೋರಿಸುತ್ತಿರುತ್ತದೆ. ಹೊರಟ ಜಾಗ ಬೇಕಿದ್ದರೆ ಅದಕ್ಕೂ ಮುಂಚಿನ `timeupdate` ಸೂಚನೆಯಲ್ಲಿ ಸಿಕ್ಕ ಸಮಯವನ್ನು ನೆನಪಿಟ್ಟುಕೊಂಡಿರಬೇಕು. ಇದನ್ನು ಮರೆತರೆ ದಾಖಲೆಯಲ್ಲಿ ಹೊರಟದ್ದೂ ತಲುಪಿದ್ದೂ ಒಂದೇ ಜಾಗವಾಗಿಬಿಡುತ್ತದೆ.

ಮತ್ತೆ ಬಿಸಿಬೇಳೆಬಾತಿಗೆ ಬರೋಣ. ‘ಪುಡಿ ಹುರಿಯುವುದು’ ಅಧ್ಯಾಯಕ್ಕೆ ಬಂದವರಲ್ಲಿ ಹೆಚ್ಚಿನವರು ಪರಿಚಯದಿಂದಲೇ ಮುಂದಕ್ಕೆ ಹಾರಿದವರು, ಬಂದವರು ಒಂದೂವರೆ ನಿಮಿಷ ಕದಲದೆ ಕೂತರು ಎಂದಿಟ್ಟುಕೊಳ್ಳಿ. ಅವರು ಬಂದದ್ದೇ ಪುಡಿಗಾಗಿ. 72 ಸೆಕೆಂಡಿನ ಪರಿಚಯ ಅವರ ದಾರಿಗೆ ಅಡ್ಡ, ಮುಂದಿನ ವಿಡಿಯೊದಲ್ಲಿ ಅದು ಹದಿನೈದು ಸೆಕೆಂಡಿಗೆ ಇಳಿಯಬೇಕು. ಹಾಗೆಂದು ಪುಡಿಯನ್ನು ಎಲ್ಲಕ್ಕಿಂತ ಮೊದಲು ತರಬೇಕಿಲ್ಲ. ಕುಕ್ಕರಿನಲ್ಲಿ ಅಕ್ಕಿ, ಬೇಳೆ ಬೇಯುತ್ತಿರುವಾಗ ಪುಡಿ ಹುರಿದುಕೊಳ್ಳುವವರು ಬಹಳ ಮಂದಿ, ಆ ಅಡುಗೆಮನೆಯ ಕ್ರಮವನ್ನು ಗ್ರಾಫ್ ಅಳಿಸಲಾರದು. ನೋಡಬೇಕಾದದ್ದು 4:30ರ ಹೊತ್ತಿಗೆ ಏನಾಗುತ್ತದೆ ಎಂಬುದನ್ನು. ಪುಡಿ ಮುಗಿದೊಡನೆ ಹೆಚ್ಚಿನವರು ವಿಡಿಯೊವನ್ನೇ ಮುಚ್ಚುತ್ತಿದ್ದರೆ ಪುಡಿಗೊಂದು ಪ್ರತ್ಯೇಕ ವಿಡಿಯೊ ಮಾಡುವುದು ಸರಿ. ಮುಂದೆಯೂ ನೋಡುತ್ತಿದ್ದರೆ ಒಡೆಯಬಾರದು.

‘ಬೇಕಾಗುವ ಸಾಮಗ್ರಿ’ಯ ಕತೆ ಬೇರೆ. ಅಲ್ಲಿಯೂ ಏರಿಕೆ ಇದೆ, ಆದರೆ ಮೂರು ತುಂಡಿನಷ್ಟು ಕಿರಿದು, ಅಂದರೆ ಸುಮಾರು 18 ಸೆಕೆಂಡು. ಜಾಲತಾಣದ ಪ್ಲೇಯರಿನ ದಾಖಲೆ ನೋಡಿದರೆ ಬಹುಪಾಲು ಜಿಗಿತಗಳು 6:30 ಮತ್ತು 7:00ರ ನಡುವಿನಿಂದ ಹಿಂದಕ್ಕೆ ಹೊರಟಿವೆ. ಆ ಜಾಗದಲ್ಲಿ ಅಡುಗೆ ಮಾಡುವವರು ‘ಆಗಲೇ ಹೇಳಿದಷ್ಟು ಹುಳಿ ಹಾಕಿ’ ಎನ್ನುತ್ತಿದ್ದಾರೆ. ಅಳತೆ ಐದು ನಿಮಿಷ ಹಿಂದೆಯೇ ಉಳಿದಿದೆ. ಇದನ್ನು ಜನಪ್ರಿಯತೆ ಎಂದು ಓದಿ ಸಾಮಗ್ರಿಯ ಅಧ್ಯಾಯವನ್ನು ಉದ್ದ ಮಾಡಿದರೆ ತೊಂದರೆ ಹೆಚ್ಚುತ್ತದೆ. ಹುಳಿ ಹಾಕುವ ಕ್ಷಣದಲ್ಲೇ ‘ನಿಂಬೆಗಾತ್ರದ ಹುಣಸೆಹಣ್ಣು’ ಎಂದು ಪರದೆಯ ಮೇಲೆ ಬರೆದರೆ ಆ ಓಡಾಟಕ್ಕೆ ಕಾರಣವೇ ಉಳಿಯುವುದಿಲ್ಲ. ಹೀಗೆ ಸರಿಪಡಿಸಿದ ಮೇಲೆ ಮುಂದಿನ ವಿಡಿಯೊದಲ್ಲಿ ಸಾಮಗ್ರಿಯ ಏರಿಕೆ ಕುಗ್ಗಬೇಕು. ಕುಗ್ಗುವುದೇ ಇಲ್ಲಿ ಗೆಲುವು. ಏರಿಕೆಯನ್ನೆಲ್ಲ ಲಾಭವೆಂದೇ ಓದುವ ಕಣ್ಣಿಗೆ ಇದು ಕಾಣದು.

ಈ ಲೆಕ್ಕಕ್ಕೆ ನೋಡುಗರ ಸಂಖ್ಯೆ ಸಾಕಷ್ಟಿರಬೇಕು. ಇನ್ನೂರು ವೀಕ್ಷಣೆಯ ವಿಡಿಯೊದಲ್ಲಿ ಶೇ 2ರ ಏರಿಕೆ ಎಂದರೆ ನಾಲ್ಕು ಎಣಿಕೆ, ಅದನ್ನು ಒಬ್ಬರೇ ನಾಲ್ಕು ಸಲ ಹಿಂದೆ ಹೋಗಿಯೂ ತರಬಹುದು. ಮೊದಲ ದಿನಗಳಲ್ಲಿ ಚಂದಾದಾರರು ಹೆಚ್ಚು, ತಿಂಗಳುಗಳ ನಂತರ ಹುಡುಕಿಕೊಂಡು ಬರುವವರು ಹೆಚ್ಚು. ಇಬ್ಬರ ಜಿಗಿತವೂ ಒಂದೇ ಬಗೆಯದಾಗಿರುವುದಿಲ್ಲ. ಆದ್ದರಿಂದ ಹಳೆಯ ವಿಡಿಯೊದ ಮೊದಲ ನಾಲ್ಕು ವಾರವನ್ನು ಹೊಸದರ ಮೊದಲ ನಾಲ್ಕು ವಾರದ ಜೊತೆಗೇ ಹೋಲಿಸಬೇಕು.

ಹೊಸ ವಿಡಿಯೊ ಚಿತ್ರೀಕರಿಸುವ ಮುನ್ನವೇ ಮಾಡಬಹುದಾದ ಒಂದು ಪರೀಕ್ಷೆಯೂ ಇದೆ. ಗ್ರಾಫ್ ನಿಂತಿರುವುದು ಸಮಯದ ಮೇಲೆ, ಅಧ್ಯಾಯದ ಹೆಸರುಗಳ ಮೇಲಲ್ಲ. ಹಾಗಾಗಿ ಹಳೆಯ ವಿಡಿಯೊದಲ್ಲೇ 6:30ರ ಹೆಸರನ್ನು ‘ಹುಳಿ ಎಷ್ಟು, ಪುಡಿ ಎಷ್ಟು’ ಎಂದು ಬದಲಿಸಿ, ಬದಲಾವಣೆಯ ಹಿಂದಿನ ಮತ್ತು ನಂತರದ ವಾರಗಳನ್ನು ಬೇರೆ ಬೇರೆಯಾಗಿ ತೆರೆದು ನೋಡಬಹುದು. ಜನ ಆಗ 6:30ಕ್ಕೇ ನೇರವಾಗಿ ಬಂದು, ಅಳತೆ ಸಿಗದೆ ಮತ್ತೆ 1:12ಕ್ಕೆ ಓಡಿದರೆ, ಎಡವಟ್ಟು ಹೆಸರಿನಲ್ಲಿಲ್ಲ, ಚಿತ್ರೀಕರಿಸಿದ ದೃಶ್ಯದಲ್ಲಿದೆ.