ಯಂತ್ರ ವ್ಯಾಕರಣ ತಿದ್ದಲಿ, ವಾದ ನಮ್ಮದೇ ಇರಲಿ

ನಮ್ಮಲ್ಲಿ ಅನೇಕರಿಗೆ ಮನೆಯಲ್ಲಿ ಉರ್ದು, ಹತ್ತನೇ ತರಗತಿಯವರೆಗೆ ಶಾಲೆಯಲ್ಲಿ ಕನ್ನಡ. ಇಂಗ್ಲಿಷ್ ಮೂರನೆಯ ಭಾಷೆ. ಮುಂದೆ ಪದವಿ ಮುಗಿಸಿ ಬ್ರಿಟನ್‌ಗೆ ಓದಲು ಹೋದರೆ, ಅಲ್ಲಿ ಮನೆಯಲ್ಲೇ ಬರೆದು ಸಲ್ಲಿಸುವ ಪ್ರಬಂಧಗಳಿಗೂ ಅಂಕಗಳಿರುತ್ತವೆ. ಆಗ ಗ್ರಾಮರ್ಲಿಯನ್ನೋ ಚಾಟ್‌ಜಿಪಿಟಿಯನ್ನೋ ತೆರೆಯುವುದು ಸಹಜ. ಅದೆಲ್ಲವೂ ಮೋಸ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ ಗೆರೆ ಎಲ್ಲಿದೆ ಎಂಬುದು ಗೊತ್ತಿರಬೇಕು.

ಒಬ್ಬ ವಿದ್ಯಾರ್ಥಿ 'ಸ್ಮಾಲ್ ಶಾಪ್ಸ್ ಹ್ಯಾಸ್ ಪ್ರಾಬಬ್ಲಿ ಗೇನ್ಡ್ ಫ್ರಮ್ ಯುಪಿಐ' ಎಂದು ಬರೆದ ಎನ್ನೋಣ. ಯಂತ್ರ 'ಹ್ಯಾಸ್' ತೆಗೆದು 'ಹ್ಯಾವ್' ಹಾಕಿದರೆ ಅದು ವ್ಯಾಕರಣ ತಿದ್ದಿದಂತೆ. 'ಇನ್ನೂ ಚೆನ್ನಾಗಿ ಬರೆದುಕೊಡು' ಎಂದು ಕೇಳಿದರೆ, ಯುಪಿಐ ಸಣ್ಣ ಅಂಗಡಿಗಳ ಖರ್ಚು ಇಳಿಸಿದೆ, ಸಾಲ ಸುಲಭವಾಗಿಸಿದೆ ಎಂದು ಅದೇ ಯಂತ್ರ ಬರೆದುಬಿಡಬಹುದು. 'ಪ್ರಾಬಬ್ಲಿ' ಮಾಯವಾಯಿತು. ಅವನು ಓದಿಯೇ ಇರದ ಸಾಲದ ವಿಷಯ ಒಳಗೆ ಬಂತು. ಗೆರೆ ದಾಟಿದ್ದು ಇಲ್ಲಿ.

ಇದನ್ನು ಕಂಡುಹಿಡಿಯಲು ಕನ್ನಡವೇ ನಮಗೆ ಸಹಾಯ. ತಿದ್ದಿದ ವಾಕ್ಯವನ್ನು ಕನ್ನಡದಲ್ಲಿ ಹೇಳಿಕೊಳ್ಳಿ. ಮೊದಲು ನೀವು ಹೇಳಹೊರಟಿದ್ದೇ ಬಂದರೆ ಇಟ್ಟುಕೊಳ್ಳಿ, ಹೆಚ್ಚೋ ಕಡಿಮೆಯೋ ಆಗಿದ್ದರೆ ಬಿಟ್ಟುಬಿಡಿ. ಯಂತ್ರಕ್ಕೆ 'ಬರೆದುಕೊಡು' ಎನ್ನುವ ಬದಲು 'ತಪ್ಪುಗಳನ್ನು ಮಾತ್ರ ತೋರಿಸು' ಎನ್ನಿ, ತಿದ್ದುವ ಕೆಲಸ ನೀವೇ ಮಾಡಿ.

ಇಡೀ ಪ್ರಬಂಧವನ್ನು ಕನ್ನಡದಲ್ಲಿ ಬರೆದು ಯಂತ್ರದಿಂದ ಅನುವಾದಿಸುವುದು ಬೇರೆ ಮಾತು. ವಿಚಾರ ನಿಮ್ಮದೇ ಆದರೂ ಕೆಲವು ವಿಶ್ವವಿದ್ಯಾಲಯಗಳು ಅದನ್ನು ಒಪ್ಪುವುದಿಲ್ಲ. ನಿಯಮ ಒಂದೊಂದು ಕಡೆ ಒಂದೊಂದು ರೀತಿ, ಕೆಲವೊಮ್ಮೆ ಒಂದೇ ವಿಶ್ವವಿದ್ಯಾಲಯದ ಎರಡು ವಿಷಯಗಳಿಗೂ ಬೇರೆ ಬೇರೆ. ಬರೆಯುವ ಮೊದಲೇ ಅಧ್ಯಾಪಕರಿಗೆ ಇಮೇಲ್ ಮಾಡಿ ಕೇಳಿ, ಉತ್ತರವನ್ನು ತೆಗೆದಿಡಿ. ಯಂತ್ರ ಬಳಸಿದ್ದನ್ನು ತಿಳಿಸಬೇಕು ಎಂದಿದ್ದರೆ, ಯಾವುದನ್ನು ಯಾವುದಕ್ಕೆ ಬಳಸಿದಿರಿ ಎಂದು ಒಂದು ಸಾಲಿನಲ್ಲಿ ಬರೆಯಿರಿ.

ಪ್ರಾಮಾಣಿಕವಾಗಿ ಬರೆದವರ ಮೇಲೂ ಅನುಮಾನ ಬರಬಹುದು. ಯಂತ್ರದ ಬರಹವನ್ನು ಪತ್ತೆಹಚ್ಚುವ ಏಳು ಸಾಧನಗಳನ್ನು ಸ್ಟ್ಯಾನ್‌ಫರ್ಡ್ ಸಂಶೋಧಕರು 2023ರಲ್ಲಿ ಪರೀಕ್ಷಿಸಿದರು. ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಪರೀಕ್ಷೆಗೆ ಬರೆದ 91 ಪ್ರಬಂಧಗಳಲ್ಲಿ ಸರಾಸರಿ ಅರ್ಧಕ್ಕಿಂತ ಹೆಚ್ಚನ್ನು ಅವು ಯಂತ್ರದ ಬರಹ ಎಂದುಬಿಟ್ಟವು. ಸರಳ ಪದಗಳು, ಒಂದೇ ಬಗೆಯ ವಾಕ್ಯಗಳು ಇದಕ್ಕೆ ಕಾರಣ. ನಾವು ಬರೆಯುವ ಇಂಗ್ಲಿಷ್ ಕೂಡ ಅಂಥದ್ದೇ.

ಆದ್ದರಿಂದ ಮೊದಲ ಕರಡಿನಿಂದಲೇ ಗೂಗಲ್ ಡಾಕ್ಸ್‌ನಲ್ಲಿ ಬರೆಯಿರಿ. File > Version history ಒತ್ತಿದರೆ ಪ್ರಬಂಧ ಹೇಗೆ ಬೆಳೆಯಿತು ಎಂಬುದು ದಿನಾಂಕದ ಸಮೇತ ಕಾಣುತ್ತದೆ. ಬೇರೆಡೆ ಬರೆದದ್ದನ್ನು ಒಟ್ಟಿಗೆ ತಂದು ಅಂಟಿಸಿದರೆ ಈ ದಾಖಲೆ ಸಿಗುವುದಿಲ್ಲ. ವೋಚರ್ ಇಲ್ಲದ ಎಂಟ್ರಿಯನ್ನು ಆಡಿಟರ್ ನಂಬುವುದಿಲ್ಲ ಎಂದು ಅಕೌಂಟೆನ್ಸಿಯಲ್ಲಿ ಓದುತ್ತೇವಲ್ಲ, ಹಾಗೆ ಪ್ರಬಂಧಕ್ಕೆ ಅದರ ಕರಡುಗಳೇ ವೋಚರ್.