ಡ್ಯೂ ಡೇಟ್ ನೋಡಿ ದುಡ್ಡು ಎಣಿಸಬೇಡಿ

ನಮ್ಮ ಗ್ಯಾಂಗಿನ ಒಬ್ಬನ ಅಪ್ಪನದು ಪೀಣ್ಯದಲ್ಲಿ ಒಂದು ಚಿಕ್ಕ ಮಷಿನ್ ಶಾಪ್ ಇದೆ. ಮೇ ಕೊನೆಯಲ್ಲಿ ಅಲ್ಲಿಗೆ ಹೋದಾಗ ಅಂಕಲ್ ಟ್ಯಾಲಿಯಿಂದ ಒಂದು ಪ್ರಿಂಟ್ ತೆಗೆದು ತೋರಿಸಿದರು. ಜೂನ್‌ನಲ್ಲಿ 10.7 ಲಕ್ಷ ಬರಬೇಕು, ಸಂಬಳ, ಬಾಡಿಗೆ, ಇಎಂಐ ಎಲ್ಲಾ ಸೇರಿ 6 ಲಕ್ಷ ಹೋಗುತ್ತೆ, ಉಳಿದದ್ದರಲ್ಲಿ ಹೊಸ ಮಷಿನ್‌ಗೆ ಅಡ್ವಾನ್ಸ್ ಕೊಡೋಣ ಅಂತ ಅವರ ಪ್ಲಾನ್. "ಏನ್ರಪ್ಪಾ, ನೀವೆಲ್ಲಾ ಕಂಪ್ಯೂಟರ್ ಓದ್ತಿದ್ದೀರಲ್ಲ, ಇದು ಸರಿಯಾಗಿದೆಯಾ ನೋಡಿ" ಅಂದರು.

ನಾವು ಮಾಡಿದ ಮೊದಲ ಕೆಲಸ ದಡ್ಡತನದ್ದು. ತಿಂಗಳು ತಿಂಗಳು ಬಂದ ಒಟ್ಟು ಹಣವನ್ನು ಒಂದು ಮಾಡೆಲ್‌ಗೆ ಹಾಕಿದ್ವಿ. ಎರಡು ವರ್ಷ ಅಂದ್ರೆ ಬರೀ 24 ಅಂಕಿ, ಅದರಿಂದ ಏನು ಕಲಿಯುತ್ತೆ? ನಮ್ಮ ಅಭಿಪ್ರಾಯ ಈಗ ಇಷ್ಟೇ: ಒಟ್ಟು ಮೊತ್ತವನ್ನು ಊಹಿಸೋಕೆ ಹೋಗಬೇಡಿ. ಬಾಕಿ ಇರುವ ಒಂದೊಂದು ಬಿಲ್ ಹಿಡಿದು, ಆ ಗಿರಾಕಿ ಹಿಂದೆ ಹೇಗೆ ಕೊಟ್ಟಿದ್ದಾನೆ ಅಂತ ನೋಡಿ. ಅದಕ್ಕೆ ಒಂದು ಎಕ್ಸೆಲ್ ಶೀಟ್ ಸಾಕು.

ಮೊದಲನೇ ಗಿರಾಕಿ ದೊಡ್ಡ ಕಂಪನಿ, 45 ದಿನದ ಕ್ರೆಡಿಟ್. ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿದರೆ ಅವರ ದುಡ್ಡು ಯಾವಾಗಲೂ 7ನೇ ತಾರೀಖು ಇಲ್ಲಾ 22ನೇ ತಾರೀಖೇ ಬಂದಿದೆ. ತಿಂಗಳಿಗೆ ಎರಡೇ ಸಲ ಪೇಮೆಂಟ್ ಮಾಡ್ತಾರೆ, ಅಷ್ಟರಲ್ಲಿ ಡ್ಯೂ ಆಗಿರೋ ಬಿಲ್‌ಗಳಿಗೆ ಮಾತ್ರ. 4.2 ಲಕ್ಷದ ಬಿಲ್ ಜೂನ್ 2ಕ್ಕೆ ಡ್ಯೂ, ಹಾಗಾಗಿ 7ಕ್ಕೆ ಬರುತ್ತೆ. ಇನ್ನೊಂದು 3 ಲಕ್ಷದ್ದು, ಮೇ 7ರ ಬಿಲ್. ಟ್ಯಾಲಿ ಪ್ರಕಾರ ಅದು ಜೂನ್ 21ಕ್ಕೆ ಡ್ಯೂ, 22ರ ಪೇಮೆಂಟ್‌ಗೆ ಸಿಗಬೇಕು. ಆದರೆ ಆ ಕಂಪನಿ 45 ದಿನ ಎಣಿಸೋದು ಬಿಲ್ ತಾರೀಖಿನಿಂದ ಅಲ್ಲ, ಮಾಲು ಅವರ ಸ್ಟೋರ್ಸ್‌ಗೆ ತಲುಪಿ ಜಿಆರ್‌ಎನ್ ಆದ ದಿನದಿಂದ. ಅದು ಮೇ 10. ಅಂದರೆ ಡ್ಯೂ ಜೂನ್ 24, 22 ತಪ್ಪಿತು, ಇನ್ನು ಜುಲೈ 7. ಮೂರು ದಿನದ ವ್ಯತ್ಯಾಸಕ್ಕೆ 3 ಲಕ್ಷ ಹದಿನೈದು ದಿನ ಮುಂದೆ ಹೋಯ್ತು! ಜಿಆರ್‌ಎನ್ ತಾರೀಖನ್ನು ಶೀಟ್‌ನಲ್ಲಿ ಬರೆದಿಡದೆ ಇರೋರು ಇದನ್ನು ಕಂಡುಹಿಡಿಯೋಕೆ ಸಾಧ್ಯವೇ ಇಲ್ಲ.

ಎರಡನೇ ಗಿರಾಕಿ ಒಬ್ಬ ಟ್ರೇಡರ್. ಅವರದು 1.5 ಲಕ್ಷ, ಜೂನ್ 12ಕ್ಕೆ ಡ್ಯೂ. ಹಿಂದಿನ ಎಂಟು ಬಿಲ್‌ಗಳಲ್ಲಿ ಡ್ಯೂ ಆದ ಮೇಲೆ ತಡ ಮಾಡಿದ ದಿನಗಳು: 10, 12, 9, 14, 11, 10, 13, 95. ಆ 95 ಯಾಕೆ ಅಂತ ಕೇಳಿದ್ವಿ. ಸೈಜ್ ತಪ್ಪಿ ಮಾಲು ವಾಪಸ್ ಬಂದಿತ್ತಂತೆ. ಸರಾಸರಿ ತೆಗೆದರೆ ಸುಮಾರು 22 ದಿನ, ಅಂದ್ರೆ ಹಣ ಜುಲೈ 4ಕ್ಕೆ. `=MEDIAN(F2:F9)` ಹಾಕಿದರೆ 11.5, ಅಂದ್ರೆ ಜೂನ್ 24ರ ಹೊತ್ತಿಗೆ. ಒಂದೇ ಒಂದು ಜಗಳದ ಬಿಲ್ ಒಳ್ಳೆ ಗಿರಾಕಿಯನ್ನು ಮುಂದಿನ ತಿಂಗಳಿಗೆ ತಳ್ಳಿಬಿಡುತ್ತೆ. ಆದ್ದರಿಂದ ಮೀಡಿಯನ್.

ಮೂರನೆಯದು ನಿಜವಾಗಿ ತಲೆ ಕೆಡಿಸಿದ್ದು. 2 ಲಕ್ಷ, ಏಪ್ರಿಲ್ 11ಕ್ಕೇ ಡ್ಯೂ ಆಗಿ ಮೇ 31ಕ್ಕೆ ಐವತ್ತು ದಿನ ದಾಟಿದೆ. ಮೀಡಿಯನ್ ಪ್ರಕಾರ ಇದು ಯಾವಾಗಲೋ ಬಂದಿರಬೇಕಿತ್ತು, ಹಾಗಾಗಿ ನಮ್ಮ ಶೀಟ್ ಕಳೆದುಹೋದ ತಾರೀಖನ್ನೇ ತೋರಿಸ್ತಿತ್ತು. ಅಂಥದ್ದನ್ನು "ಬರುವ ವಾರ" ಅಂತ ಎಣಿಸೋದೇ ದೊಡ್ಡ ತಪ್ಪು. ಕೇಳಬೇಕಾದ ಪ್ರಶ್ನೆ ಬೇರೆ: ಐವತ್ತು ದಿನ ದಾಟಿದ ಇವರ ಹಳೇ ಬಿಲ್‌ಗಳಲ್ಲಿ ಎಷ್ಟು ಅದರ ಮುಂದಿನ 30 ದಿನದಲ್ಲಿ ಬಂದಿವೆ? ಹತ್ತು ಬಿಲ್‌ಗಳಲ್ಲಿ ಆರು ನಲವತ್ತು ದಿನದೊಳಗೇ ಬಂದಿದ್ದವು. ಐವತ್ತು ದಾಟಿದ ನಾಲ್ಕರಲ್ಲಿ ಮುಂದಿನ ತಿಂಗಳು ಬಂದದ್ದು ಒಂದೇ. ನಾಲ್ಕರಲ್ಲಿ ಒಂದು ಅಂದ್ರೆ ಲೆಕ್ಕಕ್ಕೆ 50 ಸಾವಿರ. ಆದರೆ ಆ 50 ಸಾವಿರ ಯಾವತ್ತೂ ಬರಲ್ಲ, ಬಂದರೆ 2 ಲಕ್ಷ, ಇಲ್ಲದಿದ್ದರೆ ಸೊನ್ನೆ. ನೂರು ಗಿರಾಕಿ ಇರೋ ಕಂಪನಿಗೆ ಸರಾಸರಿ ಸರಿ. ಕೈಬೆರಳಲ್ಲಿ ಎಣಿಸುವಷ್ಟು ಗಿರಾಕಿ ಇರೋ ಶಾಪ್‌ಗೆ ಸಂಬಳದ ಲೆಕ್ಕದಲ್ಲಿ ಸೊನ್ನೆ ಅಂತಲೇ ಬರೆಯಬೇಕು ಅನ್ನೋದು ನಮ್ಮ ವಾದ. (ನಮ್ಮಲ್ಲೇ ಒಬ್ಬಳು ಈಗಲೂ ಒಪ್ಪಲ್ಲ.)

ಹೀಗೆ 10.7 ಲಕ್ಷ 5.7 ಲಕ್ಷಕ್ಕೆ ಇಳಿಯಿತು. ಖರ್ಚು 6 ಲಕ್ಷ. ಅಂಕಲ್ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಮಷಿನ್‌ನವರಿಗೆ ಫೋನ್ ಮಾಡಿ ಅಡ್ವಾನ್ಸ್ ಜುಲೈಗೆ ಅಂದರು.

ಜೂನ್‌ನಲ್ಲಿ ನಿಜಕ್ಕೂ ಬಂದದ್ದು 5.2 ಲಕ್ಷ. ದೊಡ್ಡ ಕಂಪನಿ 7ಕ್ಕೆ ಸರಿಯಾಗಿ ಹಾಕಿತು, ಮೂರನೆಯವರು ಫೋನೇ ಎತ್ತಲಿಲ್ಲ. ನಾವು ಎಡವಿದ್ದು ಟ್ರೇಡರ್ ಹತ್ತಿರ: 25ಕ್ಕೆ ಬಂತು, ಆದರೆ 1 ಲಕ್ಷ ಮಾತ್ರ, ಉಳಿದ 50 ಸಾವಿರ "ಆಮೇಲೆ". ಒಂದು ಬಿಲ್‌ಗೆ ಎರಡು ಕಂತಲ್ಲಿ ದುಡ್ಡು ಬರಬಹುದು ಅಂತ ನಮ್ಮ ಶೀಟ್‌ನಲ್ಲಿ ಕಾಲಮ್ಮೇ ಇರಲಿಲ್ಲ. ಈಗ ಹಾಕಿದ್ದೀವಿ.