ಹೆಚ್ಚುವರಿ ಹಾಸಿಗೆಯ ನಿಜವಾದ ಬೆಲೆ: ಏಳೂವರೆ ಸಾವಿರದ ಗೆರೆ ದಾಟಿದಾಗ

ಹೋಟೆಲ್ ಕೊಠಡಿಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಇಳಿದಿದೆ. ದಿನವೊಂದಕ್ಕೆ 7,500 ರೂಪಾಯಿವರೆಗಿನ ಕೊಠಡಿಗೆ ಮೊದಲು ಶೇ 12ರಷ್ಟಿದ್ದ ತೆರಿಗೆ ಈಗ ಶೇ 5. ಅದಕ್ಕಿಂತ ದುಬಾರಿ ಕೊಠಡಿಗೆ ಹಿಂದಿನಂತೆಯೇ ಶೇ 18. ಮಧ್ಯಮ ವರ್ಗದ ಪ್ರವಾಸಿಗರಿಗೆ ಇದು ನೆಮ್ಮದಿಯ ಸುದ್ದಿಯೆಂಬುದರಲ್ಲಿ ಅನುಮಾನವಿಲ್ಲ. ಆದರೆ ಮಕ್ಕಳನ್ನು ಕರೆದುಕೊಂಡು ಹೊರಡುವ ಕುಟುಂಬಕ್ಕೆ ಈ ನೆಮ್ಮದಿ ಕೈಗೆ ಸಿಕ್ಕಂತೆಯೇ ಜಾರಿಹೋಗುವ ಸಂದರ್ಭಗಳಿವೆ. ಅದಕ್ಕೆ ಕಾರಣ ಬುಕಿಂಗ್ ಪಟ್ಟಿಯ ಅಡಿಯಲ್ಲಿ ಸಣ್ಣಕ್ಷರಗಳಲ್ಲಿರುವ ಎರಡು ಬಾಬತ್ತುಗಳು: ಹೆಚ್ಚುವರಿ ಹಾಸಿಗೆ ಮತ್ತು ಬೆಳಗಿನ ಉಪಾಹಾರ.

ಒಂದು ರೂಪಾಯಿಯ ಅಂತರ

ಆದಾಯ ತೆರಿಗೆಯಲ್ಲಿ ಮಿತಿ ದಾಟಿದ ಮೊತ್ತಕ್ಕೆ ಮಾತ್ರ ಹೆಚ್ಚಿನ ದರ ಅನ್ವಯವಾಗುತ್ತದೆ. ಹೋಟೆಲ್ ಕೊಠಡಿಯ ವಿಷಯದಲ್ಲಿ ಹಾಗಲ್ಲ. ಗೆರೆ ದಾಟಿದೊಡನೆ ಇಡೀ ಬಾಡಿಗೆಗೆ ಹೆಚ್ಚಿನ ದರ ಬೀಳುತ್ತದೆ. 7,500 ರೂಪಾಯಿಯ ಕೊಠಡಿಗೆ ತೆರಿಗೆ ಸೇರಿ 7,875 ರೂಪಾಯಿ. 7,501 ರೂಪಾಯಿಯ ಕೊಠಡಿಗೆ 8,851 ರೂಪಾಯಿ. ಬಾಡಿಗೆಯಲ್ಲಿ ಒಂದು ರೂಪಾಯಿ ಏರಿದರೆ ಬಿಲ್ಲಿನಲ್ಲಿ 976 ರೂಪಾಯಿ ಏರುತ್ತದೆ. ಕೆಳಗಿನ ದರ ಶೇ 12 ಇದ್ದಾಗ ಈ ಜಿಗಿತ 451 ರೂಪಾಯಿಯಷ್ಟೇ ಆಗಿತ್ತು. ಅಂದರೆ ತೆರಿಗೆ ಇಳಿಕೆಯೇ ಗೆರೆಯ ಆಚೀಚೆಗಿನ ಕಂದಕವನ್ನು ಇಮ್ಮಡಿಗೊಳಿಸಿದೆ.

ಗೆರೆಯ ಯಾವ ಬದಿಗೆ ಕೊಠಡಿ ಬೀಳುತ್ತದೆ ಎಂಬುದನ್ನು 2018ರ ಜುಲೈವರೆಗೆ ಹೋಟೆಲ್ ಘೋಷಿಸಿದ ದರಪಟ್ಟಿ ತೀರ್ಮಾನಿಸುತ್ತಿತ್ತು. ಆ ತಿಂಗಳ 27ರಿಂದ ಅದನ್ನು ತೀರ್ಮಾನಿಸುವುದು ಆ ಕೊಠಡಿಗಾಗಿ ಆ ದಿನ ವಾಸ್ತವವಾಗಿ ಪಡೆದ ಮೌಲ್ಯ. ಇದರಿಂದ ಗ್ರಾಹಕನಿಗೆ ಲಾಭವೂ ಇದೆ, ನಷ್ಟವೂ ಇದೆ. 9,000 ರೂಪಾಯಿಯ ಕೊಠಡಿಯನ್ನು ಹೋಟೆಲ್ ತಾನೇ ರಿಯಾಯಿತಿ ನೀಡಿ 7,400ಕ್ಕೆ ಕೊಟ್ಟರೆ ತೆರಿಗೆ ಶೇ 5 ಮಾತ್ರ. ಆದರೆ ಕೊಠಡಿಯ ವಾಸ್ತವ್ಯಕ್ಕೆಂದು ಸೇರಿಸಿದ ಹಾಸಿಗೆಯ ಶುಲ್ಕವೂ ಅದೇ ಮೌಲ್ಯದೊಳಗೆ ಬರುತ್ತದೆ. ಬಿಲ್ಲಿನಲ್ಲಿ ಅದನ್ನು ಬೇರೆ ಸಾಲಿನಲ್ಲಿ ತೋರಿಸಿದ ಮಾತ್ರಕ್ಕೆ ಹೊರಗುಳಿಯುವುದಿಲ್ಲ.

ಹಾಸಿಗೆಯ ಲೆಕ್ಕ

ದಂಪತಿ ಮತ್ತು ಹತ್ತು ವರ್ಷದ ಮಗುವಿನ ಒಂದು ಕುಟುಂಬ ಮಡಿಕೇರಿಯಲ್ಲಿ ಎರಡು ರಾತ್ರಿ ತಂಗಲು ಹೊರಟಿದೆ ಎಂದಿಟ್ಟುಕೊಳ್ಳೋಣ. ಪಟ್ಟಿಯಲ್ಲಿ ಕೊಠಡಿಗೆ 6,800 ರೂಪಾಯಿ, ಹೆಚ್ಚುವರಿ ಹಾಸಿಗೆಗೆ 1,500 ರೂಪಾಯಿ ಎಂದಿದೆ. ಹಾಸಿಗೆ ಬೇಡವೆಂದರೆ ದಿನಕ್ಕೆ ತೆರಿಗೆ 340 ರೂಪಾಯಿ, ಒಟ್ಟು 7,140. ಹಾಸಿಗೆ ಬೇಕೆಂದರೆ ಕೊಠಡಿಯ ಮೌಲ್ಯ 8,300ಕ್ಕೆ ಏರಿ ಗೆರೆ ದಾಟುತ್ತದೆ. ತೆರಿಗೆ 1,494 ರೂಪಾಯಿ, ಒಟ್ಟು 9,794.

ಹೀಗೆ 1,500 ರೂಪಾಯಿಯೆಂದು ಬರೆದ ಹಾಸಿಗೆಗೆ ಕುಟುಂಬ ನಿಜವಾಗಿ ತೆರುವುದು ದಿನಕ್ಕೆ 2,654 ರೂಪಾಯಿ. ಇದರಲ್ಲಿ ಹಾಸಿಗೆ ಮತ್ತು ಅದರ ತೆರಿಗೆ 1,770. ಉಳಿದ 884 ರೂಪಾಯಿ, ಕೊಠಡಿಯ ಮೇಲಿನ ದರ ಶೇ 5ರಿಂದ ಶೇ 18ಕ್ಕೆ ಜಿಗಿದುದರ ಫಲ. ಎರಡು ರಾತ್ರಿಗೆ ಹಾಸಿಗೆಯ ಬಾಬತ್ತು 5,308 ರೂಪಾಯಿ. ಹಳೆಯ ದರದಲ್ಲಿ ಇದೇ ಹಾಸಿಗೆ ದಿನಕ್ಕೆ 2,178 ರೂಪಾಯಿಗೆ ಸಿಗುತ್ತಿತ್ತು. ತೆರಿಗೆ ಇಳಿದ ಮೇಲೂ ಈ ಕುಟುಂಬದ ಬಿಲ್ 9,794ರಲ್ಲೇ ನಿಂತಿದೆ. ಇಳಿಕೆಯ ಲಾಭ ಅದಕ್ಕೆ ತಲುಪಿಲ್ಲ.

ಇಂಥಲ್ಲಿ ಮೂವರಿಗೆ ಸಾಲುವ ದೊಡ್ಡ ಕೊಠಡಿ 7,400 ರೂಪಾಯಿಗೆ ಸಿಕ್ಕರೆ ಅದೇ ಅಗ್ಗ. ತೆರಿಗೆ ಸೇರಿ 7,770 ರೂಪಾಯಿ. ಪಟ್ಟಿಯಲ್ಲಿ ಅದು 600 ರೂಪಾಯಿ ದುಬಾರಿಯಾಗಿ ಕಂಡರೂ ಬಿಲ್ಲಿನಲ್ಲಿ 2,024 ರೂಪಾಯಿ ಉಳಿಸುತ್ತದೆ. ಮಗು ತಂದೆತಾಯಿಯ ಹಾಸಿಗೆಯಲ್ಲೇ ಮಲಗುವುದಾದರೆ ಶುಲ್ಕವಿಲ್ಲದೆ ಬಿಡುವ ಹೋಟೆಲುಗಳೂ ಇವೆ. ವಯಸ್ಸಿನ ಮಿತಿ ಹೋಟೆಲಿನಿಂದ ಹೋಟೆಲಿಗೆ ಬದಲಾಗುತ್ತದೆ. ಆದ್ದರಿಂದ ಕೊಠಡಿ ಹುಡುಕುವಾಗಲೇ ಮಗುವಿನ ವಯಸ್ಸನ್ನು ನಮೂದಿಸಬೇಕು. ಇಬ್ಬರಿಗೆಂದು ಹುಡುಕಿ, ರಿಸೆಪ್ಷನ್‌ನಲ್ಲಿ ಹಾಸಿಗೆ ಕೇಳಿದವರಿಗೆ ಹೋಲಿಸಿ ನೋಡುವ ಅವಕಾಶವೇ ಉಳಿಯುವುದಿಲ್ಲ.

ಉಪಾಹಾರ ಒಳಗೋ ಹೊರಗೋ

ಕೊಠಡಿ ಮಾತ್ರವೆಂದರೆ ‘ಇಪಿ’, ಉಪಾಹಾರ ಸೇರಿದ್ದರೆ ‘ಸಿಪಿ’, ಉಪಾಹಾರದೊಂದಿಗೆ ಇನ್ನೊಂದು ಊಟವಿದ್ದರೆ ‘ಎಂಎಪಿ’, ಮೂರೂ ಹೊತ್ತಿನದಾದರೆ ‘ಎಪಿ’ ಎಂದು ನಮ್ಮ ಹೋಟೆಲುಗಳು ಬರೆಯುತ್ತವೆ. ಕೊಠಡಿಯೊಂದಿಗೆ ಒಂದೇ ದರದಲ್ಲಿ ಮಾರಿದ ಉಪಾಹಾರವನ್ನು ಕಾನೂನು ವಾಸ್ತವ್ಯದ ಅಂಗವೆಂದೇ ಪರಿಗಣಿಸುತ್ತದೆ. ಇಡೀ ದರಕ್ಕೆ ಕೊಠಡಿಯ ತೆರಿಗೆ ಅನ್ವಯವಾಗುತ್ತದೆ.

ಅದೇ 6,800 ರೂಪಾಯಿಯ ಕೊಠಡಿ ಇಬ್ಬರ ಉಪಾಹಾರ ಸೇರಿ 7,700 ರೂಪಾಯಿಗಿದೆ ಎನ್ನೋಣ. ಶೇ 18 ತೆರಿಗೆ ಸೇರಿದರೆ 9,086. ಬದಲಿಗೆ ‘ಇಪಿ’ ದರದಲ್ಲಿ ಕೊಠಡಿ ಪಡೆದು, ಬೆಳಿಗ್ಗೆ ಅದೇ ಹೋಟೆಲಿನ ಉಪಾಹಾರ ಗೃಹದಲ್ಲಿ ಅದೇ 900 ರೂಪಾಯಿ ತೆತ್ತು ತಿಂದರೆ, ಅಲ್ಲಿನ ಶೇ 5 ತೆರಿಗೆಯೊಂದಿಗೆ ಒಟ್ಟು 8,085. ತಟ್ಟೆಯಲ್ಲಿ ಅದೇ ಇಡ್ಲಿ, ಬಿಲ್ಲಿನಲ್ಲಿ 1,001 ರೂಪಾಯಿ ವ್ಯತ್ಯಾಸ. ಆದರೆ ಹಿಂದಿನ ಆರ್ಥಿಕ ವರ್ಷದಲ್ಲಿ ಯಾವುದಾದರೂ ಕೊಠಡಿಯನ್ನು 7,500 ರೂಪಾಯಿಗಿಂತ ಹೆಚ್ಚಿಗೆ ನೀಡಿದ್ದ ಹೋಟೆಲಿನ ಉಪಾಹಾರ ಗೃಹಕ್ಕೆ ಶೇ 18 ತೆರಿಗೆ ಇದೆ. 2025ರ ಏಪ್ರಿಲ್ 1ರಿಂದ ಬಂದ ನಿಯಮವಿದು. ಅಂಥಲ್ಲಿ ಉಳಿತಾಯ 884 ರೂಪಾಯಿಗೆ ಇಳಿಯುತ್ತದೆ. ಕೊಠಡಿ ಮತ್ತು ಉಪಾಹಾರ ಸೇರಿಯೂ 7,500ರೊಳಗೆ ನಿಂತರೆ ಲೆಕ್ಕ ತಿರುಗುಮುರುಗು. ಆಗ ‘ಸಿಪಿ’ ದರಕ್ಕೆ ಹಿಂಜರಿಯಬೇಕಿಲ್ಲ.

ಇರಬಾರದ ಸಾಲುಗಳು

ಕರ್ನಾಟಕದಲ್ಲಿ ಹಿಂದೆ ಹೋಟೆಲುಗಳ ಮೇಲಿದ್ದ ಐಷಾರಾಮಿ ತೆರಿಗೆ 2017ರ ಜುಲೈ 1ರಂದು ಜಿಎಸ್‌ಟಿಯೊಳಗೆ ಲೀನವಾಯಿತು. ಆ ಹೆಸರಿನ ಸಾಲು ಬಿಲ್ಲಿನಲ್ಲಿದ್ದರೆ ಅದಕ್ಕೆ ಆಧಾರವಿಲ್ಲ. ಸೇವಾ ಶುಲ್ಕವನ್ನು ತಾನೇ ತಾನಾಗಿ ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟ್‌ನ ಏಕಸದಸ್ಯ ಪೀಠ ಅದನ್ನು ಎತ್ತಿಹಿಡಿಯಿತು. ಮೊದಲು ಕಡಿಮೆ ಬೆಲೆ ತೋರಿಸಿ ಕೊನೆಗೆ ಹನಿಹನಿಯಾಗಿ ಶುಲ್ಕ ಸೇರಿಸುವ ಡ್ರಿಪ್ ಪ್ರೈಸಿಂಗ್ ಪದ್ಧತಿಯನ್ನೂ ಪ್ರಾಧಿಕಾರದ 2023ರ ನವೆಂಬರ್‌ನ ಮಾರ್ಗಸೂಚಿ ನಿಷಿದ್ಧ ಪಟ್ಟಿಗೆ ಸೇರಿಸಿದೆ. ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ವಿದೇಶಕ್ಕೆ ಹೊರಟವರ ಪಾಡು ಬೇರೆ. ಅಮೆರಿಕದಲ್ಲಿ ರೆಸಾರ್ಟ್ ಶುಲ್ಕವನ್ನು ಮೊದಲು ತೋರಿಸುವ ಬೆಲೆಯಲ್ಲೇ ಸೇರಿಸಬೇಕೆಂಬ ಫೆಡರಲ್ ನಿಯಮ 2025ರ ಮೇ 12ರಿಂದ ಜಾರಿಯಲ್ಲಿದೆ. ಶುಲ್ಕಕ್ಕೆ ನಿಷೇಧವಿಲ್ಲ, ಮಿತಿಯೂ ಇಲ್ಲ. ಸರ್ಕಾರಿ ತೆರಿಗೆಯನ್ನು ಆ ಬೆಲೆಯಿಂದ ಹೊರಗಿಡಲು ಅವಕಾಶವಿದೆ. ರೋಮ್‌ನಂಥ ನಗರಗಳಲ್ಲಿ ತಲೆಗೆ, ರಾತ್ರಿಗೆ ಇಷ್ಟೆಂದು ನಗರ ತೆರಿಗೆಯಿದ್ದು, ಆನ್‌ಲೈನಿನಲ್ಲಿ ಪೂರ್ತಿ ಹಣ ಕಟ್ಟಿದ್ದರೂ ಸಾಮಾನ್ಯವಾಗಿ ಅದನ್ನು ಹೋಟೆಲಿನಲ್ಲೇ ತೆರಬೇಕಾಗುತ್ತದೆ.

ನಮ್ಮಲ್ಲಿ ಉಳಿದಿರುವ ಪ್ರಶ್ನೆ ಗೆರೆಯದೇ. ಮಿತಿ ದಾಟಿದ ಮೊತ್ತಕ್ಕಷ್ಟೇ ಶೇ 18 ವಿಧಿಸಿದ್ದರೆ ಮಡಿಕೇರಿಯ ಆ ಕುಟುಂಬದ ದಿನದ ತೆರಿಗೆ 1,494ರ ಬದಲು 519 ರೂಪಾಯಿ ಆಗುತ್ತಿತ್ತು. ಅಂಥ ತಿದ್ದುಪಡಿ ಬರುವವರೆಗೆ ಪಟ್ಟಿಯ ದಪ್ಪಕ್ಷರದ ಬೆಲೆಗಳನ್ನು ಹೋಲಿಸಿ ಪ್ರಯೋಜನವಿಲ್ಲ. ಹಾಸಿಗೆ, ಉಪಾಹಾರ, ತೆರಿಗೆ ಎಲ್ಲವೂ ಸೇರಿ ಪ್ರತಿ ರಾತ್ರಿಗೆ ಎಷ್ಟೆಂಬ ಅಂತಿಮ ಮೊತ್ತವನ್ನು ಮುಂದಿಟ್ಟುಕೊಂಡೇ ಎರಡು ಹೋಟೆಲುಗಳನ್ನು ತೂಗಬೇಕು.